ಬಳ್ಳಾರಿಯಿಂದ ಹೊರಟಿದೆ, ಸಿಂಧನೂರಿಗೆ ಮುಟ್ಟಿಲ್ಲ: ದಾರಿಯಲ್ಲಿರುವ ಮಾಲನ್ನು ಹೇಗೆ ಬರೆಯೋದು?

ಮಾರ್ಚ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. "ಸರ್, ಬಳ್ಳಾರಿಯಿಂದ ಮಾಲು ಹೋಗೈತಿ, ಸಿಂಧನೂರು ಅಂಗಡಿಗೆ ಇನ್ನೂ ಮುಟ್ಟಿಲ್ಲ. ಇದನ್ನ ಯಾರ ಸ್ಟಾಕಿನಾಗ ಹಿಡೀಬೇಕು?" ಕೇಳುವವರು ಎರಡು ಮೂರು ಊರಲ್ಲಿ ಅಂಗಡಿ ಇಟ್ಟವರು. ಗೋಡೌನ್ ಬಳ್ಳಾರಿಯಲ್ಲಿ, ಬ್ರಾಂಚ್ ಸಿಂಧನೂರಲ್ಲೋ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಇರುತ್ತದೆ. ಒಬ್ಬರಿಗೆ ಅವರ ಆಡಿಟರ್ ಒಂದು ದಾರಿ ಹೇಳಿರುತ್ತಾರೆ, ಪಕ್ಕದ ಅಂಗಡಿಯವರು ಇನ್ನೊಂದು, ಸಾಫ್ಟ್‌ವೇರ್ ಮಾರಿದ ಹುಡುಗ ಮತ್ತೊಂದು. ಮೂರೂ ಸರಿ ಅನ್ನಿಸುತ್ತವೆ. ಯಾವುದು ನಿಮ್ಮ ಅಂಗಡಿಗೆ ಹೊಂದುತ್ತದೆ ಅನ್ನೋದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಪಂಪ್‌ಸೆಟ್ ವ್ಯಾಪಾರ ಅಂದುಕೊಳ್ಳಿ. 5 ಎಚ್‌.ಪಿ. ಸಬ್‌ಮರ್ಸಿಬಲ್ ಮೋಟಾರ್, ಖರೀದಿ ಬೆಲೆ ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದಕ್ಕೆ 18,000 ರೂಪಾಯಿ. ಬಳ್ಳಾರಿ ಗೋಡೌನ್‌ನಲ್ಲಿ 50 ಇದ್ದವು, ಸಿಂಧನೂರಲ್ಲಿ 8. ಮಾರ್ಚ್ 30ರ ಸಂಜೆ ಬಳ್ಳಾರಿಯಿಂದ 20 ಮೋಟಾರ್ ಲಾರಿ ಹತ್ತಿದವು. ಸಿಂಧನೂರು ಅಂಗಡಿ ಮುಂದೆ ಇಳಿದದ್ದು ಏಪ್ರಿಲ್ 1ರ ಬೆಳಿಗ್ಗೆ. ಮಾರ್ಚ್ 31ರ ರಾತ್ರಿ ಎರಡೂ ಕಡೆ ಸ್ಟಾಕ್ ಎಣಿಸಿದರು. ಬಳ್ಳಾರಿಯಲ್ಲಿ 30, ಸಿಂಧನೂರಲ್ಲಿ 8.

ಸಾಹುಕಾರರ ಹತ್ತಿರ ಆ ರಾತ್ರಿ ನಿಜವಾಗಿ ಇದ್ದದ್ದು 58 ಮೋಟಾರ್, ಅಂದರೆ 10,44,000 ರೂಪಾಯಿ ಮಾಲು. ಎರಡು ಅಂಗಡಿಯ ಎಣಿಕೆಯನ್ನು ಸುಮ್ನೆ ಕೂಡಿದರೆ ಬರೋದು 38. ಇಪ್ಪತ್ತು ಮೋಟಾರ್ ಕಾಗದದಲ್ಲಿ ಮಾಯ, 3,60,000 ರೂಪಾಯಿ ಲಾಭ ಕಡಿಮೆ ತೋರಿಸಿದ ಹಾಗಾಯಿತು. ಇದರ ಉಲ್ಟಾ ಕೂಡ ಆಗುತ್ತದೆ. ಬಳ್ಳಾರಿಯವರು "ಮುಟ್ಟಿತು ಅಂತ ಫೋನ್ ಬರಲಿ, ಆಮೇಲೆ ಕಡಿಮೆ ಮಾಡೋಣ" ಅಂತ ಪುಸ್ತಕದಲ್ಲಿ 50 ಹಾಗೇ ಇಟ್ಟಿರುತ್ತಾರೆ. ಸಿಂಧನೂರಿನ ಹುಡುಗ ವಾಟ್ಸಾಪ್‌ನಲ್ಲಿ ಬಂದ ಚಲನ್ ಫೋಟೊ ನೋಡಿ ಅವತ್ತೇ 20 ಏರಿಸಿಬಿಟ್ಟಿರುತ್ತಾನೆ. ಪುಸ್ತಕದಲ್ಲಿ 50 ಮತ್ತು 28, ಒಟ್ಟು 78. ಇಲ್ಲದ 3,60,000 ರೂಪಾಯಿ ಲಾಭ ಬಂತು, ಅದಕ್ಕೆ ತೆರಿಗೆಯೂ ಕಟ್ಟಬೇಕಾಯಿತು. ಬ್ಯಾಂಕಿನಲ್ಲಿ ಸಿ.ಸಿ. ಸಾಲ ಇದ್ದರೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಇದೇ ಅಂಕಿಯ ಮೇಲೆ ಹೋಗುತ್ತದೆ. ಬ್ಯಾಂಕಿನವರು ಸ್ಟಾಕ್ ನೋಡಲು ಬಂದ ದಿನ 20 ಮೋಟಾರ್ ಎಲ್ಲಿ ಅಂತ ತೋರಿಸೋದು ಕಷ್ಟವಾಗುತ್ತದೆ, ಅಲ್ವಾ?

ಮೊದಲು ಯಾವುದರ ಮೇಲೆ ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಮೊದಲನೆಯದು, ಯಾವ ದಿನ ಕೇಳಿದರೂ "ಇಲ್ಲಿ ಇಷ್ಟು, ದಾರಿಯಲ್ಲಿ ಇಷ್ಟು, ಅಲ್ಲಿ ಇಷ್ಟು" ಅಂತ ಮೂರು ಅಂಕಿ ಸಿಗಬೇಕು, ಮೂರೂ ಕೂಡಿದರೆ ಒಟ್ಟು ಸರಿಹೋಗಬೇಕು. ಎರಡನೆಯದು, 20 ಕಳಿಸಿ 19 ಮುಟ್ಟಿದರೆ ಆ ಒಂದು ತಾನಾಗಿಯೇ ಎದ್ದು ಕಾಣಬೇಕು. ಯಾರೋ ನೆನಪಿಟ್ಟುಕೊಂಡು ಹೇಳಿದರೆ ಮಾತ್ರ ಗೊತ್ತಾಗುವಂತಿದ್ದರೆ ಅದು ಲೆಕ್ಕ ಅಲ್ಲ. ಮೂರನೆಯದು ಕೆಲಸದ ಹೊರೆ. ಬ್ರಾಂಚಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಇದ್ದಾರಾ, ಅಥವಾ ಗಿರಾಕಿ ನೋಡುವ ಹುಡುಗನೇ ಎಂಟ್ರಿಯನ್ನೂ ಹಾಕಬೇಕಾ? ನಾಲ್ಕನೆಯದು ಜಿ.ಎಸ್.ಟಿ. ನಂಬರ್. ಎರಡೂ ಅಂಗಡಿ ಒಂದೇ ನಂಬರಿನಲ್ಲಿ ಇವೆಯಾ, ಬೇರೆ ಬೇರೆಯಾ? ಈ ಒಂದು ಉತ್ತರದ ಮೇಲೆ ಕೆಲವರಿಗೆ ಆಯ್ಕೆಯೇ ಉಳಿಯುವುದಿಲ್ಲ.

ಮೂರನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲೇ ಪೆಟ್ಟು ತಿನ್ನೋದು. ಎಷ್ಟೇ ಒಳ್ಳೆಯ ಪದ್ಧತಿ ಇರಲಿ, ಬ್ರಾಂಚಿನ ಹುಡುಗನಿಗೆ ನಾಟಿ ಸೀಸನ್ನಿನಲ್ಲಿ ಅದನ್ನು ಮಾಡೋಕೆ ಪುರುಸೊತ್ತಿಲ್ಲ ಅಂದರೆ ಆ ಪದ್ಧತಿ ನಿಮ್ಮ ಅಂಗಡಿಯಲ್ಲಿ ನಿಲ್ಲೋದಿಲ್ಲ.

ದಾರಿ ಒಂದು: ಮುಟ್ಟಿದ ಮೇಲೆ ಒಂದೇ ಎಂಟ್ರಿ

ಮಾಲು ಹೊರಟಾಗ ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ. ಸಿಂಧನೂರಲ್ಲಿ ಇಳಿಸಿ ಎಣಿಸಿದ ಮೇಲೆ ಬಳ್ಳಾರಿಯಿಂದ ಕಡಿಮೆ, ಸಿಂಧನೂರಿಗೆ ಜಾಸ್ತಿ, ಎರಡೂ ಒಂದೇ ಎಂಟ್ರಿಯಲ್ಲಿ. ಒಂದೇ ಎಂಟ್ರಿ ಆದ್ದರಿಂದ ಒಟ್ಟು ಸ್ಟಾಕ್ ಯಾವತ್ತೂ ತಪ್ಪುವುದಿಲ್ಲ. ಮಾರ್ಚ್ 31ರ ರಾತ್ರಿ ಪುಸ್ತಕದಲ್ಲಿ ಬಳ್ಳಾರಿ 50, ಸಿಂಧನೂರು 8, ಒಟ್ಟು 58. ಸರಿಯಾಗೇ ಇದೆ.

ತೊಂದರೆ ಬರೋದು ಗೋಡೌನ್‌ಗೆ ಹೋಗಿ ಎಣಿಸಿದಾಗ. ಪುಸ್ತಕ 50 ಅನ್ನುತ್ತದೆ, ಕಣ್ಣಿಗೆ ಕಾಣೋದು 30. ಈ 20 ದಾರಿಯಲ್ಲಿದೆಯೋ, ಕಳುವಾಗಿದೆಯೋ, ಬಿಲ್ ಮಾಡದೆ ಮಾರಿದ್ದಾರೋ, ಪುಸ್ತಕ ಹೇಳುವುದಿಲ್ಲ. ಅದಕ್ಕೇ ಈ ದಾರಿ ಹಿಡಿದವರು ಒಂದು ರಿಜಿಸ್ಟರ್ ಇಡಲೇಬೇಕು. ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಚಲನ್ ನಂಬರ್, ತಾರೀಖು, ಎಲ್ಲಿಗೆ, ಮಾಲು, ಎಷ್ಟು ಕಳಿಸಿದ್ದು, ಲಾರಿ ನಂಬರ್. ಇದಾದ ಮೇಲೆ ಎರಡು ಮನೆ ಖಾಲಿ ಬಿಡಿ: ಎಷ್ಟು ಮುಟ್ಟಿತು, ಯಾವತ್ತು ಮುಟ್ಟಿತು. ಆ ಎರಡು ಖಾಲಿ ಮನೆಗಳೇ ನಿಮ್ಮ ದಾರಿ ಸ್ಟಾಕ್. ಪುಟ ತಿರುವಿ ಖಾಲಿ ಇರುವ ಸಾಲುಗಳನ್ನು ಕೂಡಿದರೆ ದಾರಿಯಲ್ಲಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಅಪಾಯ ಇದೆ. ಕಂಪ್ಯೂಟರಿನಲ್ಲಿ 50 ಕಾಣುತ್ತಿದೆ ಅಂತ ಬಳ್ಳಾರಿಯವರು ಗಿರಾಕಿಗೆ 35 ಮೋಟಾರ್ ಕೊಡುತ್ತೇನೆ ಅಂತ ಮಾತು ಕೊಟ್ಟುಬಿಡುತ್ತಾರೆ. ವಾರಕ್ಕೆ ಒಂದೆರಡು ಸಲ ಮಾತ್ರ ಮಾಲು ಕಳಿಸುವ, ಸಾಹುಕಾರರೇ ಗೋಡೌನ್‌ನಲ್ಲಿ ನಿಂತು ಲೋಡ್ ಮಾಡಿಸುವ ಸಣ್ಣ ಅಂಗಡಿಗೆ ಇದೇನೂ ದೊಡ್ಡ ವಿಷಯ ಅಲ್ಲ. ಅವರಿಗೆ ಈ ದಾರಿ ಸಾಕು, ಖರ್ಚೂ ಇಲ್ಲ. ಬ್ರಾಂಚ್ ಮೂರಾದ ಮೇಲೆ ಇದು ಕೈ ಮೀರುತ್ತದೆ.

ದಾರಿ ಎರಡು: ಹೊರಟ ತಕ್ಷಣ ಒಂದೇ ಎಂಟ್ರಿ

ಲಾರಿ ಗೇಟ್ ದಾಟಿದ ಕೂಡಲೇ ಬಳ್ಳಾರಿಯಿಂದ 20 ಕಡಿಮೆ, ಸಿಂಧನೂರಿಗೆ 20 ಜಾಸ್ತಿ. ಒಟ್ಟು ಇಲ್ಲೂ 58 ಇರುತ್ತದೆ. ಬ್ರಾಂಚಿನವರು ಏನೂ ಮಾಡಬೇಕಾಗಿಲ್ಲ ಅನ್ನೋದೇ ಇದರ ಆಕರ್ಷಣೆ.

ನನಗೆ ಇದು ಇಷ್ಟವಿಲ್ಲ, ಕಾರಣ ಹೇಳುತ್ತೇನೆ. ನಾನು ಲೆಕ್ಕ ನೋಡುವ ಒಂದು ಅಂಗಡಿಯಲ್ಲಿ ವರ್ಷಗಟ್ಟಲೆ ಹೀಗೇ ನಡೆದಿತ್ತು. ಬ್ರಾಂಚಿನವರು ಬಂದ ಮಾಲನ್ನು ಎಣಿಸೋದನ್ನೇ ಬಿಟ್ಟಿದ್ದರು. ಎಂಟ್ರಿ ಆಗಲೇ ಆಗಿದೆಯಲ್ಲ, ಇನ್ನೇನು ಎಣಿಸೋದು ಅಂತ. ವರ್ಷದ ಕೊನೆಗೆ ಕೇಬಲ್ ಕಾಯಿಲ್ 14 ಕಡಿಮೆ ಬಂದವು. ಯಾವ ಲೋಡಿನಲ್ಲಿ, ಯಾವ ತಿಂಗಳು, ಲಾರಿಯಲ್ಲೋ ಅಂಗಡಿಯಲ್ಲೋ, ಯಾವುದಕ್ಕೂ ಉತ್ತರ ಇರಲಿಲ್ಲ. ಬಳ್ಳಾರಿಯವರು "ನಾವು ಕಳಿಸೀವಿ", ಬ್ರಾಂಚಿನವರು "ನಮಗ ಬಂದಿಲ್ಲ". ಇಬ್ಬರೂ ನಿಜ ಹೇಳುತ್ತಿರಬಹುದು. ಕೊನೆಗೆ ಬ್ರಾಂಚ್ ನೋಡಿಕೊಳ್ಳುವವರ ಸಂಬಳದಲ್ಲಿ ಹಿಡಿದರು. ಆ ಮನುಷ್ಯ ಕೆಲಸ ಬಿಟ್ಟು ಹೋದರು. ತಪ್ಪು ಅವರದ್ದು ಅಂತ ಸಾಬೀತಾಗಿರಲಿಲ್ಲ. ಅವರದ್ದಲ್ಲ ಅಂತ ತೋರಿಸೋಕೂ ಒಂದು ಕಾಗದ ಇರಲಿಲ್ಲ. ನನಗೆ ಅದು ಇವತ್ತಿಗೂ ನೋವು ಕೊಡುತ್ತದೆ.

ಈ ದಾರಿ ಎಲ್ಲಿ ಸರಿ ಅಂದರೆ, ಸ್ವಂತ ಗಾಡಿಯಲ್ಲಿ, ಅದೇ ದಿನ, ಊರೊಳಗೇ ಮಾಲು ಹೋಗುವಲ್ಲಿ. ಗೋಡೌನ್‌ನಿಂದ ಪೇಟೆಯ ಅಂಗಡಿಗೆ ದಿನಕ್ಕೆ ನಾಲ್ಕು ಸಲ ಆಟೋದಲ್ಲಿ ಸಾಮಾನು ಹೋಗುತ್ತಿದ್ದರೆ ಪ್ರತಿ ಸಲ ಎರಡೆರಡು ಎಂಟ್ರಿ ಹಾಕಿ ಅನ್ನೋದು ನ್ಯಾಯ ಅಲ್ಲ. ಅಲ್ಲಿ ಚಲನ್ ಮೇಲೆ ಇಳಿಸಿಕೊಂಡವರ ಸಹಿ ಸಾಕು. ಮಾಲು ಒಂದು ರಾತ್ರಿ ದಾರಿಯಲ್ಲಿ ಕಳೆಯುತ್ತದೆ ಅಂದರೆ ಈ ದಾರಿ ಬೇಡ.

ದಾರಿ ಮೂರು: ದಾರಿಗೇ ಒಂದು ಗೋಡೌನ್

ಪುಸ್ತಕದಲ್ಲಿ ಮಾತ್ರ ಇರುವ ಒಂದು ಗೋಡೌನ್ ಮಾಡಿಕೊಳ್ಳುತ್ತೀರಿ. ಗೋಡೆ ಇಲ್ಲ, ಬೀಗ ಇಲ್ಲ, ಹೆಸರು "ದಾರಿ". ಲಾರಿ ಹೊರಟಾಗ ಬಳ್ಳಾರಿಯಿಂದ ದಾರಿಗೆ 20. ಇಳಿಸಿ ಎಣಿಸಿದ ಮೇಲೆ ದಾರಿಯಿಂದ ಸಿಂಧನೂರಿಗೆ, ಎಷ್ಟು ಎಣಿಸಿದರೋ ಅಷ್ಟು. ಮೊದಲ ಎಂಟ್ರಿ ಕಳಿಸಿದವರದ್ದು, ಎರಡನೆಯದು ಇಳಿಸಿಕೊಂಡವರದ್ದು. ಇಬ್ಬರ ಕೈ ಬೇರೆ ಬೇರೆ ಇರಬೇಕು, ಇದರ ಶಕ್ತಿ ಇರೋದೇ ಅದರಲ್ಲಿ.

ಮಾರ್ಚ್ 31ರ ರಾತ್ರಿ ಪುಸ್ತಕ ಹೀಗೆ ಹೇಳುತ್ತದೆ:

```
ಬಳ್ಳಾರಿ 30 + ದಾರಿ 20 + ಸಿಂಧನೂರು 8 = 58
```

ಬಳ್ಳಾರಿಯಲ್ಲಿ ಎಣಿಸಿದರೆ 30 ಇದೆ, ಪುಸ್ತಕದಲ್ಲೂ 30. ಸಿಂಧನೂರಲ್ಲೂ ಹಾಗೇ. ದಾರಿಯ 20ಕ್ಕೆ ಚಲನ್ ಮತ್ತು ಲಾರಿಯವರು ಕೊಡುವ ರಸೀದಿ, ಅಂದರೆ ಎಲ್‌.ಆರ್., ಸಾಕ್ಷಿ.

ಏಪ್ರಿಲ್ 1ರ ಬೆಳಿಗ್ಗೆ ಏನಾಯಿತು ನೋಡೋಣ. ಹಮಾಲರು ಇಳಿಸುತ್ತಿದ್ದಾರೆ, ಅಂಗಡಿ ಹುಡುಗ ಪ್ರತಿ ಪೆಟ್ಟಿಗೆ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಿದ್ದಾನೆ. ಹತ್ತೊಂಬತ್ತಕ್ಕೆ ನಿಂತಿತು. ಚಲನ್‌ನಲ್ಲಿ 20 ಇದೆ. ಆಗ ಅವನು ಮೊದಲು ಮಾಡಬೇಕಾದ್ದು ಫೋನ್ ಅಲ್ಲ. ಎಲ್‌.ಆರ್. ಮೇಲೆ ಸಹಿ ಹಾಕುವಾಗ "19 ಮಾತ್ರ ಬಂದಿದೆ, 1 ಕಡಿಮೆ" ಅಂತ ಬರೆದು, ಡ್ರೈವರ್ ಸಹಿಯನ್ನೂ ತೆಗೆದುಕೊಳ್ಳಬೇಕು. ಸುಮ್ನೆ ಸಹಿ ಹಾಕಿ ಕೊಟ್ಟರೆ 20ನ್ನೂ ಸರಿಯಾಗಿ ಪಡೆದೆ ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಟ್ರಾನ್ಸ್‌ಪೋರ್ಟ್‌ನವರನ್ನಾಗಲಿ ಇನ್ಶೂರೆನ್ಸ್‌ನವರನ್ನಾಗಲಿ ಕೇಳೋಕೆ ಆಧಾರ ಇರೋದಿಲ್ಲ. ನಂತರ ಪುಸ್ತಕದಲ್ಲಿ ದಾರಿಯಿಂದ ಸಿಂಧನೂರಿಗೆ 19. ದಾರಿಯಲ್ಲಿ 1 ಉಳಿಯಿತು. ಅದು ಅಲ್ಲೇ ಕೂತಿರುತ್ತದೆ, ಯಾರಾದರೂ ಅದಕ್ಕೆ ಉತ್ತರ ಹೇಳುವವರೆಗೆ.

ಆ ಒಂದಕ್ಕೆ ಮೂರು ಕೊನೆ ಇರಬಹುದು. ಬಳ್ಳಾರಿಯಲ್ಲೇ ಲೋಡ್ ಆಗದೆ ಉಳಿದಿದ್ದರೆ ದಾರಿಯಿಂದ ಬಳ್ಳಾರಿಗೆ ವಾಪಸ್ ಎಂಟ್ರಿ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇಳಿದುಹೋಗಿದ್ದರೆ ಬಂದ ದಿನ ಸಿಂಧನೂರಿಗೆ. ನಿಜವಾಗಿಯೂ ಕಳೆದಿದ್ದರೆ 18,000 ರೂಪಾಯಿ ನಷ್ಟ. ಆಗ ಆ ಮೋಟಾರ್ ಕೊಂಡಾಗ ತೆಗೆದುಕೊಂಡ ಇನ್‌ಪುಟ್ ತೆರಿಗೆಯನ್ನೂ ವಾಪಸ್ ಕಟ್ಟಬೇಕು. ಕಳೆದುಹೋದ, ಕಳುವಾದ, ಹಾಳಾದ ಮಾಲಿಗೆ ಇನ್‌ಪುಟ್ ಸಿಗುವುದಿಲ್ಲ ಅಂತ ಜಿ.ಎಸ್.ಟಿ. ಕಾಯ್ದೆಯ ಸೆಕ್ಷನ್ 17(5) ಹೇಳುತ್ತದೆ. ಬಹಳ ಜನ ನಷ್ಟ ಬರೆದು ಇದನ್ನು ಮರೆಯುತ್ತಾರೆ. ಮಾರ್ಚ್ 31ರ ಒಳಗೇ ಕಳೆದಿತ್ತು ಅಂತ ಖಾತ್ರಿಯಾದರೆ ಆ ವರ್ಷದ ಸ್ಟಾಕಿನಲ್ಲಿ ದಾರಿಯ ಮಾಲನ್ನು 19 ಅಂತಲೇ ಹಿಡಿಯಬೇಕು, ಗೊತ್ತಾದದ್ದು ಏಪ್ರಿಲ್‌ನಲ್ಲೇ ಆದರೂ.

ಟ್ಯಾಲಿ ಬಳಸುವವರಿಗೆ ಇದು ಸುಲಭ. ಗೋಡೌನ್ ಪಟ್ಟಿಗೆ "ದಾರಿ-ಸಿಂಧನೂರು", "ದಾರಿ-ಗಂಗಾವತಿ" ಅಂತ ಬ್ರಾಂಚಿಗೊಂದು ಸೇರಿಸಿ. ಒಂದೇ "ದಾರಿ" ಇಟ್ಟರೆ ಯಾವ ಕಡೆಯದ್ದು ಬಾಕಿ ಅಂತ ಹುಡುಕಬೇಕಾಗುತ್ತದೆ. ಆಮೇಲೆ `Alt+F7` ಒತ್ತಿ `Stock Journal` ತೆಗೆದು, ಎಡಗಡೆ ಹೊರಟ ಗೋಡೌನ್, ಬಲಗಡೆ ದಾರಿ ಗೋಡೌನ್, ಎರಡೂ ಕಡೆ ಅದೇ ಮಾಲು, ಅದೇ ಸಂಖ್ಯೆ, ಅದೇ ದರ. ದರ ಬೇರೆ ಹಾಕಿದರೆ ದಾರಿಯಲ್ಲೇ ಲಾಭ ಹುಟ್ಟಿಬಿಡುತ್ತದೆ. ವಿವರಣೆಯಲ್ಲಿ ಚಲನ್ ನಂಬರ್ ಹಾಕಿ. ಎರಡನೇ ಎಂಟ್ರಿಗೂ ಅದೇ ಚಲನ್ ನಂಬರ್. ಇಆರ್‌ಪಿನೆಕ್ಸ್ಟ್ ಇದ್ದವರಿಗೆ `Stock Entry`ಯಲ್ಲಿ `Add to Transit` ಅಂತ ಟಿಕ್ ಮಾಡುವ ಜಾಗ ಇದೆ, ಮುಟ್ಟಿದ ಮೇಲೆ `End Transit` ಒತ್ತಿದರೆ ಎರಡನೇ ಎಂಟ್ರಿ ಮೊದಲನೆಯದಕ್ಕೆ ತಾನಾಗಿ ಕೊಂಡಿಯಾಗುತ್ತದೆ.

ಈ ದಾರಿ ಗೋಡೌನಿನ ಬಾಕಿ ಓದೋದನ್ನು ಕಲಿತರೆ ಬಹಳ ತಪ್ಪು ಅಲ್ಲೇ ಸಿಗುತ್ತವೆ. ಸಿಂಧನೂರಿಗೆ ಮಾಲು ಸಾಮಾನ್ಯವಾಗಿ ಎರಡು ದಿನದಲ್ಲಿ ಮುಟ್ಟುತ್ತದೆ ಅಂದರೆ ಐದು ದಿನದಿಂದ ಕೂತಿರುವ ಬಾಕಿ ದಾರಿಯಲ್ಲಿಲ್ಲ. ಒಂದೋ ಬ್ರಾಂಚಿನವರು ಎಂಟ್ರಿ ಮರೆತಿದ್ದಾರೆ, ಇಲ್ಲವೋ ಮಾಲು ಬಂದೇ ಇಲ್ಲ. ಬಾಕಿ ಮೈನಸ್ ತೋರಿಸಿದರೆ ಕಳಿಸದೇ ಇದ್ದದ್ದನ್ನು ಇಳಿಸಿಕೊಂಡ ಹಾಗೆ, ಅಂದರೆ ಬಳ್ಳಾರಿಯಲ್ಲಿ ಮೊದಲ ಎಂಟ್ರಿ ಬಿಟ್ಟುಹೋಗಿದೆ. 5 ಎಚ್‌.ಪಿ. ಎರಡು ಜಾಸ್ತಿ, 3 ಎಚ್‌.ಪಿ. ಎರಡು ಮೈನಸ್ ಅಂತ ಜೋಡಿಯಾಗಿ ಕಂಡರೆ ಮಾಲಿನ ಹೆಸರು ಅದಲುಬದಲಾಗಿದೆ. ಒಂದೋ ಬೇರೆ ಮೋಟಾರ್ ಲೋಡ್ ಮಾಡಿದ್ದಾರೆ, ಇಲ್ಲವೋ ಒಂದು ಕಡೆ ತಪ್ಪು ಐಟಂ ಆರಿಸಿದ್ದಾರೆ. ಪೆಟ್ಟಿಗೆ ಮೇಲಿನ ಲೇಬಲ್ ನೋಡಿದರೆ ಗೊತ್ತಾಗುತ್ತದೆ.

ಇನ್ನು ಇದರ ಕಷ್ಟ. ಪ್ರತಿ ಲೋಡಿಗೆ ಎರಡು ಎಂಟ್ರಿ, ಎರಡನೆಯದು ಬ್ರಾಂಚಿನಲ್ಲೇ ಆಗಬೇಕು. ಬ್ರಾಂಚಿನಲ್ಲಿ ಕಂಪ್ಯೂಟರ್ ಇಲ್ಲ ಅಂದರೆ ಎಣಿಸಿದ ಸಂಖ್ಯೆಯನ್ನು ಕೈಯಲ್ಲಿ ಬರೆದು, ಸಹಿ ಹಾಕಿ, ಚಲನ್ ಫೋಟೊ ಕಳಿಸಲಿ, ಬಳ್ಳಾರಿಯಲ್ಲಿ ಬೇರೆಯವರು ಎಂಟ್ರಿ ಹಾಕಲಿ. ಇದು ನಡೆಯುತ್ತದೆ. ನಡೆಯದೇ ಇರೋದು ಒಂದೇ: ಕಳಿಸಿದವರೇ "ಮುಟ್ಟಿರಬೇಕು" ಅಂತ ಎರಡನೇ ಎಂಟ್ರಿಯನ್ನೂ ಹಾಕಿಬಿಡೋದು. ಆಗ ಇದು ದಾರಿ ಎರಡೇ ಆಯಿತು, ಕೆಲಸ ಮಾತ್ರ ಡಬಲ್. ಹುಡುಗ ಚಲನ್ ನೋಡಿ 20 ಅಂತ ಬರೆದರೂ ಅಷ್ಟೇ. ಅದಕ್ಕೆ ನಾನು ಒಂದು ಕಡೆ, ಬ್ರಾಂಚಿಗೆ ಹೋಗುವ ಚಲನ್ ಪ್ರತಿಯಲ್ಲಿ "ಮುಟ್ಟಿದ್ದು" ಅನ್ನೋ ಖಾಲಿ ಮನೆ ಹಾಕಿಸಿ, ಇಳಿಸಿ ಮುಗಿಯುವ ತನಕ ಚಲನ್ ತೆಗೆಯಬೇಡಿ, ಮೊದಲು ಎಣಿಕೆ ಬೇರೆ ಚೀಟಿಯಲ್ಲಿ ಬರೆಯಿರಿ ಅಂತ ಮಾಡಿಸಿದೆ. ಮೊದಲ ತಿಂಗಳಲ್ಲೇ ಎರಡು ಕಡೆ ವ್ಯತ್ಯಾಸ ಸಿಕ್ಕಿತು.

ಯಾವ ದಾರಿ ಹಿಡಿದರೂ ಕಾಡುವ ಒಂದು ತಪ್ಪು

ಇದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಎರಡೆರಡು ಸಲ ಎಣಿಸೋದು ನಿಜವಾಗಿ ಇಲ್ಲೇ ಜಾಸ್ತಿ. ಮಾರ್ಚ್ 30ರ ಸಂಜೆ ಚಲನ್ ಆಯಿತು, ದಾರಿ ಗೋಡೌನ್‌ಗೆ ಎಂಟ್ರಿಯೂ ಆಯಿತು. ಲಾರಿ ಬರಲಿಲ್ಲ. 20 ಮೋಟಾರ್ ಗೋಡೌನಿನ ಬಾಗಿಲ ಹತ್ತಿರ ಸಾಲಾಗಿ ನಿಂತಿವೆ. 31ರಂದು ಎಣಿಸುವವರು ಬಂದರು, ಕಂಡದ್ದನ್ನೆಲ್ಲ ಎಣಿಸಿದರು, 50 ಅಂತ ಬರೆದರು. ಅವರದ್ದು ತಪ್ಪಿಲ್ಲ, ಅವು ಅಲ್ಲೇ ಇದ್ದವಲ್ಲ. ಪುಸ್ತಕದಲ್ಲಿ 30 ಇದೆ, ಎಣಿಕೆಯಲ್ಲಿ 50 ಇದೆ ಅಂತ ಯಾರೋ 20 "ಜಾಸ್ತಿ ಸಿಕ್ಕಿತು" ಅಂತ ಏರಿಸಿದರು. ದಾರಿಯಲ್ಲಿ 20 ಬೇರೆ ಇದೆ. ಒಟ್ಟು 78.

ಸಿಂಧನೂರಿನಲ್ಲಿ ಇದರ ಇನ್ನೊಂದು ರೂಪ. ಮಾಲು ಅಂಗಡಿ ಮುಂದೆ ಇಳಿದಿದೆ, ಎಂಟ್ರಿ ಆಗಿಲ್ಲ, ಎಣಿಸುವವರು ಅದನ್ನೂ ಎಣಿಸಿದರು. ಪುಸ್ತಕದಲ್ಲಿ ಅದು ಇನ್ನೂ ದಾರಿಯಲ್ಲಿದೆ.

ಇದಕ್ಕೆ ಮದ್ದು ಸರಳ. ಎಂಟ್ರಿ ಚಲನ್ ಆದಾಗ ಅಲ್ಲ, ಗಾಡಿ ಗೇಟ್ ದಾಟಿದಾಗ ಹಾಕಿ. ಎಣಿಸುವ ದಿನ ಶುರು ಮಾಡುವ ಮೊದಲು ಎರಡೂ ಕಡೆ ಎರಡು ನಂಬರ್ ಕಾಗದದ ಮೇಲೆ ಬರೆದುಕೊಳ್ಳಿ: ಕೊನೆಗೆ ಹೊರಟ ಚಲನ್ ನಂಬರ್ ಯಾವುದು, ಕೊನೆಗೆ ಮುಟ್ಟಿದ ಚಲನ್ ನಂಬರ್ ಯಾವುದು. ಚಲನ್ ಆಗಿಯೂ ಹೊರಡದ ಮಾಲು ಬಳ್ಳಾರಿಯದ್ದೇ, ಅದನ್ನು ಎಣಿಸಬೇಕು, ಎಂಟ್ರಿ ಇರಬಾರದು. ಸಾಧ್ಯವಾದರೆ ಅವತ್ತು ಒಂದು ದಿನ ಲೋಡ್ ಕಳಿಸಲೇಬೇಡಿ. ಬ್ರಾಂಚಿನಿಂದ ವಾಪಸ್ ಬರುವ ರಿಪೇರಿ ಮೋಟಾರ್‌ಗಳನ್ನೂ ಇದರಲ್ಲಿ ಸೇರಿಸಿ. ಅವುಗಳಿಗೆ ಚಲನ್ ಮಾಡದೆ ಖಾಲಿ ಲಾರಿಯಲ್ಲಿ ಹಾಕಿ ಕಳಿಸಿಬಿಡುವ ರೂಢಿ ನಮ್ಮ ಕಡೆ ಬಹಳ ಇದೆ.

ದಾರಿ ನಾಲ್ಕು: ಬ್ರಾಂಚಿನ ಪುಸ್ತಕವೇ ಬೇರೆ

ಇದು ಆಯ್ಕೆಗಿಂತ ಜಾಸ್ತಿ ಅನಿವಾರ್ಯ. ಬಳ್ಳಾರಿ, ಸಿಂಧನೂರು, ಗಂಗಾವತಿ ಎಲ್ಲ ಕರ್ನಾಟಕವೇ. ಒಂದೇ ಜಿ.ಎಸ್.ಟಿ. ನಂಬರಿನಲ್ಲಿ ಬ್ರಾಂಚುಗಳನ್ನು ಹೆಚ್ಚುವರಿ ವ್ಯಾಪಾರದ ಸ್ಥಳ ಅಂತ ಸೇರಿಸಿಕೊಂಡಿದ್ದರೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಮಾಲು ಕಳಿಸೋದು ಮಾರಾಟ ಅಲ್ಲ, ತೆರಿಗೆ ಇಲ್ಲ. ಡೆಲಿವರಿ ಚಲನ್ ಮೂರು ಪ್ರತಿ ಸಾಕು: ಮೊದಲನೆಯದು ಪಡೆಯುವವರಿಗೆ, ಎರಡನೆಯದು ಲಾರಿಯವರಿಗೆ, ಮೂರನೆಯದು ನಿಮಗೆ. ಬೆಲೆ 50,000 ರೂಪಾಯಿ ದಾಟಿದರೆ ಈ-ವೇ ಬಿಲ್ ಬೇಕು. ನಮ್ಮ 20 ಮೋಟಾರ್ 3,60,000 ಆದ್ದರಿಂದ ಬೇಕೇ ಬೇಕು. ಆ ಬಿಲ್ಲಿಗೆ 200 ಕಿ.ಮೀ.ವರೆಗೆ ಒಂದು ದಿನದ ಅವಧಿ, ಮಾರನೇ ದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. 30ರ ಸಂಜೆ ಮಾಡಿದ್ದು 31ರ ಮಧ್ಯರಾತ್ರಿಗೆ. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಮತ್ತು ಮುಗಿದ ಎಂಟು ಗಂಟೆಯೊಳಗೆ ಮಾತ್ರ ಮುಂದುವರಿಸಬಹುದು. ಹಾಗಾಗಿ ಅವಧಿ ಮುಗಿಯುತ್ತಿದೆ, ಬ್ರಾಂಚಿನಿಂದ ಮುಟ್ಟಿದ ಸುದ್ದಿ ಇಲ್ಲ ಅಂದರೆ ಮೊದಲು ಡ್ರೈವರ್‌ಗೆ ಫೋನ್ ಮಾಡಿ. ದಾರಿ ಮಾಲಿಗೆ ಇದಕ್ಕಿಂತ ಒಳ್ಳೆಯ ಅಲಾರಂ ಇಲ್ಲ.

ಬ್ರಾಂಚ್ ಆಂಧ್ರದ ಆದೋನಿಯಲ್ಲಿ ಇದ್ದು, ಅದೇ 20 ಮೋಟಾರ್ ಅಲ್ಲಿಗೆ ಹೊರಟಿದ್ದರೆ ಕಥೆ ಬೇರೆ. ಅಲ್ಲಿ ಬೇರೆ ಜಿ.ಎಸ್.ಟಿ. ನಂಬರ್ ಬೇಕು. ನಿಮ್ಮದೇ ಅಂಗಡಿಗೆ ಕಳಿಸಿದರೂ ಕಾನೂನಿನ ಕಣ್ಣಿನಲ್ಲಿ ಅದು ಪೂರೈಕೆ, ಚಲನ್ ಸಾಲದು. ಟ್ಯಾಕ್ಸ್ ಇನ್ವಾಯ್ಸ್ ಮಾಡಿ ಐ.ಜಿ.ಎಸ್.ಟಿ. ಹಾಕಬೇಕು. ಬಳ್ಳಾರಿ ಮಾರ್ಚ್‌ನಲ್ಲಿ ತೆರಿಗೆ ತೋರಿಸುತ್ತದೆ. ಆದೋನಿಯವರು ಇನ್‌ಪುಟ್ ತೆಗೆದುಕೊಳ್ಳೋದು ಮಾಲು ಕೈಗೆ ಬಂದ ಮೇಲೆ, ಅಂದರೆ ಏಪ್ರಿಲ್‌ನಲ್ಲಿ. ಜಿ.ಎಸ್.ಟಿ. ಪೋರ್ಟಲ್ ಕೊಡುವ ಮಾರ್ಚ್‌ನ 2ಬಿ ಪಟ್ಟಿಯಲ್ಲಿ ಇನ್ವಾಯ್ಸ್ ಕಾಣುತ್ತಿದೆ ಅಂತ ಮಾರ್ಚ್ ರಿಟರ್ನ್‌ನಲ್ಲೇ ತೆಗೆದುಕೊಳ್ಳಬಾರದು.

ಪುಸ್ತಕ ಎರಡಾದಾಗ ಬಳ್ಳಾರಿಯಲ್ಲಿ "ಆದೋನಿ ಬ್ರಾಂಚ್" ಖಾತೆ ಇರುತ್ತದೆ, ಆದೋನಿಯಲ್ಲಿ "ಹೆಡ್ ಆಫೀಸ್" ಖಾತೆ. ಎರಡೂ ಒಂದಕ್ಕೊಂದು ಕನ್ನಡಿ, ಬಾಕಿ ಒಂದೇ ಇರಬೇಕು. ತೆರಿಗೆ ಬಿಟ್ಟು ಮಾಲಿನ ಬೆಲೆಯನ್ನಷ್ಟೇ ನೋಡೋಣ. ಮಾರ್ಚ್ 31ಕ್ಕೆ ಬಳ್ಳಾರಿ 3,60,000 ಡೆಬಿಟ್ ಮಾಡಿದೆ, ಆದೋನಿ ಇನ್ನೂ ಬರೆದಿಲ್ಲ, ಅಷ್ಟೂ ವ್ಯತ್ಯಾಸ ಬರುತ್ತದೆ. ಆಗ ಬಳ್ಳಾರಿ ಪುಸ್ತಕದಲ್ಲಿ "ದಾರಿಯಲ್ಲಿರುವ ಮಾಲು" ಅನ್ನೋ ಖಾತೆಗೆ 3,60,000 ಡೆಬಿಟ್, ಆದೋನಿ ಬ್ರಾಂಚ್ ಖಾತೆಗೆ ಕ್ರೆಡಿಟ್. ಏಪ್ರಿಲ್ 1ಕ್ಕೆ ಇದರ ಉಲ್ಟಾ ಎಂಟ್ರಿ. ಒಂದೇ ಪುಸ್ತಕದಲ್ಲಿ ಮಾಡಬೇಕು ಅನ್ನೋದನ್ನು ನೆನಪಿಡಿ. ಎರಡೂ ಕಡೆಯ ಗುಮಾಸ್ತರು ಸರಿಮಾಡೋಕೆ ಹೋಗಿ ಇಬ್ಬರೂ ಹಾಕಿದರೆ ಮತ್ತೆ ಎರಡು ಸಲ.

ಬೆಲೆಯ ವಿಷಯ ಒಂದಿದೆ. ಕೆಲವರು ಬ್ರಾಂಚಿಗೆ 18,000ದ ಮೋಟಾರನ್ನು 20,000ಕ್ಕೆ ಇನ್ವಾಯ್ಸ್ ಮಾಡುತ್ತಾರೆ, ಬ್ರಾಂಚಿನವರಿಗೆ ಖರೀದಿ ಬೆಲೆ ಗೊತ್ತಾಗದಿರಲಿ ಅಂತ. ಹಾಗೆ ಮಾಡಿದರೆ ದಾರಿಯಲ್ಲಿರುವ 20ರಲ್ಲಿ 40,000 ರೂಪಾಯಿ ಇನ್ನೂ ಬರದ ಲಾಭ ಕೂತಿರುತ್ತದೆ. ವರ್ಷದ ಕೊನೆಗೆ ಅದನ್ನು ತೆಗೆಯಬೇಕು, ಆದೋನಿಯಲ್ಲಿ ಮಾರದೆ ಉಳಿದ ಮೋಟಾರ್‌ಗಳಲ್ಲೂ ತೆಗೆಯಬೇಕು. ಬ್ರಾಂಚಿಗೆ ಪೂರ್ತಿ ಇನ್‌ಪುಟ್ ಸಿಗುವ ಹಾಗಿದ್ದರೆ ಇನ್ವಾಯ್ಸ್‌ನಲ್ಲಿ ಹಾಕಿದ ಬೆಲೆಯನ್ನೇ ಜಿ.ಎಸ್.ಟಿ. ನಿಯಮ 28 ಒಪ್ಪುತ್ತದೆ, ಆದ್ದರಿಂದ ಖರೀದಿ ಬೆಲೆಗೇ ಕಳಿಸಲು ಅಡ್ಡಿಯಿಲ್ಲ. ನನ್ನ ಮಾತು ಕೇಳುವುದಾದರೆ ಖರೀದಿ ಬೆಲೆಗೇ ಕಳಿಸಿ.

ಹಾಗಾದರೆ ನಿಮಗೆ ಯಾವುದು

ಬ್ರಾಂಚ್ ಒಂದೇ, ವಾರಕ್ಕೆ ಒಂದೆರಡು ಲೋಡ್, ನೀವೇ ಮುಂದೆ ನಿಂತು ಕಳಿಸುತ್ತೀರಿ ಅಂದರೆ ದಾರಿ ಒಂದು ಮತ್ತು ಆ ನೋಟ್‌ಬುಕ್. ಊರೊಳಗೆ ಆಟೋದಲ್ಲಿ ಓಡಾಡುವ ಮಾಲಿಗೆ ದಾರಿ ಎರಡು. ಬೇರೆ ರಾಜ್ಯದಲ್ಲಿ ಅಂಗಡಿ ಇದ್ದರೆ ನಾಲ್ಕು, ಬೇರೆ ಮಾತಿಲ್ಲ. ಉಳಿದ ಎಲ್ಲರಿಗೂ, ಅಂದರೆ ಎರಡಕ್ಕಿಂತ ಜಾಸ್ತಿ ಬ್ರಾಂಚ್, ಬೇರೆಯವರ ಲಾರಿ, ರಾತ್ರಿ ದಾರಿಯಲ್ಲಿ ಕಳೆಯುವ ಮಾಲು, ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕಾದವರಿಗೆ, ನಾನು ಮೂರನೆಯದನ್ನೇ ಹೇಳುತ್ತೇನೆ. ಹೊಸ ಸಾಫ್ಟ್‌ವೇರ್ ಏನೂ ಕೊಳ್ಳಬೇಕಾಗಿಲ್ಲ.

ಎಲ್ಲ ಮಾಲಿಗೂ ಒಂದೇ ದಾರಿ ಇರಬೇಕು ಅಂತಲೂ ಇಲ್ಲ. ಮೋಟಾರ್, ಸ್ಟಾರ್ಟರ್, ಕೇಬಲ್ ಕಾಯಿಲ್‌ನಂಥ ಬೆಲೆ ಬಾಳುವ ಸಾಮಾನಿಗೆ ದಾರಿ ಗೋಡೌನ್ ಇಟ್ಟು, ಪಿ.ವಿ.ಸಿ. ಬೆಂಡ್, ಟೀ, ನಟ್ಟು ಬೋಲ್ಟಿನಂಥ ಚಿಲ್ಲರೆಯನ್ನು ಚೀಲದ ಲೆಕ್ಕದಲ್ಲಿ ಮುಟ್ಟಿದ ಮೇಲೆ ಬರೆದರೂ ನಡೆಯುತ್ತದೆ. ಆದರೆ ಯಾವ ಮಾಲು ಯಾವ ದಾರಿ ಅನ್ನೋದು ಬರೆದಿಟ್ಟಿರಲಿ, ಒಂದೇ ಮಾಲು ಒಮ್ಮೆ ಹಾಗೆ ಒಮ್ಮೆ ಹೀಗೆ ಹೋಗಬಾರದು.

ಮೂರನೇ ದಾರಿಗೆ ಬದಲಾಗುವವರು ದಾರಿಯಲ್ಲಿ ಏನೂ ಇಲ್ಲದ ದಿನ ಆರಿಸಿಕೊಳ್ಳಿ. ಶನಿವಾರ ಲೋಡ್ ಕಳಿಸಬೇಡಿ, ಭಾನುವಾರ ಎಲ್ಲ ಕಡೆ ಎಣಿಸಿ, ಪುಸ್ತಕವನ್ನು ಎಣಿಕೆಗೆ ಸರಿಮಾಡಿ, ದಾರಿ ಗೋಡೌನ್ ಸೊನ್ನೆಯಿಂದ ಶುರುವಾಗಲಿ. ಸೋಮವಾರ ಹೊಸ ಚಲನ್ ಪುಸ್ತಕ, ನಂಬರ್ 1. ಹಳೆಯ ವ್ಯತ್ಯಾಸಗಳನ್ನು ದಾರಿ ಗೋಡೌನಿಗೆ ತಳ್ಳಿಬಿಡುವ ಆಸೆ ಆಗುತ್ತದೆ, ಬೇಡ. ಅವುಗಳ ಪಟ್ಟಿ ಬೇರೆ ಮಾಡಿ ಆಡಿಟರ್ ಮುಂದೆ ಇಡಿ. ಆಮೇಲೆ ಪ್ರತಿ ಶನಿವಾರ ಸಂಜೆ ದಾರಿ ಗೋಡೌನಿನ ಬಾಕಿ ತೆಗೆದು, ಮೂರು ದಿನಕ್ಕಿಂತ ಹಳೆಯದಾದ ಪ್ರತಿ ಸಾಲಿನ ಮುಂದೆ ಯಾರಿಗೆ ಫೋನ್ ಮಾಡಿದಿರಿ, ಏನು ಹೇಳಿದರು ಅಂತ ಬರೆಯಿರಿ.